ಲೈವ್ ಕ್ಲಾಸಿನ ಜೊತೆ ಹೋಂವರ್ಕ್ ಸಮಯವನ್ನೂ ಹೇಳಿ

“ಕಥೆ ಬರೆಯುವ 6 ವಾರದ ಆನ್‌ಲೈನ್ ಕೋರ್ಸ್. ಲಾಂಚ್ ಸ್ಕ್ರಿಪ್ಟಲ್ಲಿ ‘ವಾರಕ್ಕೆ 2 ಗಂಟೆ ಸಾಕು’ ಅಂದಿದ್ದೆ. 3ನೇ ವಾರಕ್ಕೇ ತುಂಬಾ ಜನ ಬಿಟ್ಟರು. ಏನು ಬದಲಿಸಲಿ?”

ನೀವು ಬಹುಶಃ ಲೈವ್ ಕ್ಲಾಸನ್ನಷ್ಟೇ ಲೆಕ್ಕ ಹಾಕಿದ್ದೀರಿ. ಜಾಸ್ತಿ ಕೆಲಸ ಇರುವ ವಾರವನ್ನೇ ಹಿಡಿದು ಕೂಡಿಸಿ: ಕ್ಲಾಸ್ 2 ಗಂಟೆ, ಬರೆಯಲು 2, ಬೇರೆಯವರ ಕಥೆ ಓದಿ ಅಭಿಪ್ರಾಯ ಹೇಳಲು 1. ಅಲ್ಲಿಗೇ 5 ಆಯ್ತಲ್ವಾ? ಬರೆಯುವ ಸಮಯವನ್ನು ನಿಮ್ಮ ವೇಗದಲ್ಲಿ ಅಳೆಯಬೇಡಿ, ಕೋರ್ಸ್ ಬಿಟ್ಟವರನ್ನೂ ಕೇಳಿ. ಒಬ್ಬೊಬ್ಬರಿಗೆ ಒಂದೊಂದು ಥರ, ಅದಕ್ಕೇ ‘4ರಿಂದ 6 ಗಂಟೆ’ ಅನ್ನಿ.

ಆಮೇಲೆ, ಫೀಸ್ ಹೇಳುವ ಮೊದಲೇ ಇದನ್ನು ಓದಿ:

“ಎಲ್ಲ ಹೋಂವರ್ಕ್ ಮಾಡಿದರೆ, ಒಮ್ಮೆ ತಿದ್ದಿದ ಒಂದು ಸಣ್ಣಕಥೆ ನಿಮ್ಮ ಕೈಯಲ್ಲಿರುತ್ತದೆ. ಅದು ಪ್ರಕಟವಾಗುತ್ತದೆ ಅಂತ ನಾನು ಮಾತು ಕೊಡಲಾರೆ. ವಾರಕ್ಕೆ 4 ಗಂಟೆಯೂ ಸಿಗದಿದ್ದರೆ ಈ ಬ್ಯಾಚ್ ಬೇಡ.”

ಕೊನೆಯ ಸಾಲನ್ನು ಮಾತ್ರ ತೆಗೆಯಬೇಡಿ.