ಮಾಳಿಗೆ ಮೇಲಿನ ವಿಡಿಯೊದಲ್ಲಿ ಗುಡ್ಡ ಕಂಡರೆ ಮನೆಯೂ ಸಿಗುತ್ತದೆ

ಪ್ರಶ್ನೆ: ನನಗೆ 15 ವರ್ಷ, ಬಳ್ಳಾರಿ. ಮಾಳಿಗೆ ಮೇಲೆ ಡಾನ್ಸ್ ಮಾಡಿ ವಿಡಿಯೊ ಹಾಕ್ತೀನಿ. ಶಾಲೆ ಹೆಸರು, ಓಣಿ ಹೆಸರು ಎಲ್ಲೂ ಹೇಳಲ್ಲ. ಅಷ್ಟು ಸಾಕಲ್ವಾ? ತಂಗಿ, ಗೆಳತಿಯರನ್ನು ತೋರಿಸಿದ್ರೆ ತೊಂದ್ರೆನಾ?

ಸಾಕಾಗಲ್ಲ, ತಂಗಿ. ನಾನೂ ಬಳ್ಳಾರಿಯವನೇ. ಮದುವೆ ವಿಡಿಯೊ ಎಡಿಟ್ ಮಾಡುವುದು ನನ್ನ ಕೆಲಸ. ಹೋದ ವರ್ಷ ನನ್ನ ಅಕ್ಕನ ಮಗಳ ಚಾನೆಲ್ ಇಟ್ಟುಕೊಂಡು ನೀನು ಕೇಳಿದ್ದನ್ನೇ ಪರೀಕ್ಷೆ ಮಾಡಿ ನೋಡಿದೆವು. ಅವಳಿಗೂ ನಿನ್ನ ವಯಸ್ಸೇ. ಅವಳನ್ನೂ ಅಕ್ಕನನ್ನೂ ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಆ ವಿಡಿಯೊಗಳನ್ನು ಈಗ ತೆಗೆದಾಗಿದೆ, ಗುರುತು ಸಿಗುವಂಥ ಒಂದೆರಡು ವಿವರ ಇಲ್ಲಿ ಬದಲಿಸಿದ್ದೇನೆ.

ಅವಳು ಮನೆ ಮುಂದೆ ರಂಗೋಲಿ ಹಾಕುವುದನ್ನು ತೋರಿಸುತ್ತಿದ್ದಳು. ಆಗಾಗ ಮಾಳಿಗೆ ಮೇಲೆ ಡಾನ್ಸ್. ನಿನ್ನ ಹಾಗೆ ಅವಳೂ ಎಲ್ಲೂ ವಿಳಾಸ ಹೇಳಿರಲಿಲ್ಲ. ‘ಮಾಮಾ, ಯಾರಿಗೂ ಗೊತ್ತಾಗಲ್ಲ’ ಅಂದಳು. ನನಗೆ ಮನೆ ಮೊದಲೇ ಗೊತ್ತು, ನಾನು ಹುಡುಕಿದರೆ ಅದು ಪರೀಕ್ಷೆ ಅಲ್ಲ. ಹಾಗಾಗಿ ರಾಯಚೂರಿನಲ್ಲಿರುವ ನನ್ನ ಗೆಳೆಯನಿಗೆ ಚಾನೆಲ್ ಲಿಂಕ್ ಕಳಿಸಿದೆವು. ಅವನು ಅಕ್ಕನ ಮನೆ ಕಡೆ ಒಮ್ಮೆಯೂ ಬಂದವನಲ್ಲ. ಬೆಳಿಗ್ಗೆ ಕಳಿಸಿದ್ದು. ಸಂಜೆ ಫೋನ್ ಮಾಡಿ, ಮನೆ ಹತ್ತಿರದ ಶಾಲೆಯ ಹೆಸರು ಹೇಳಿದ. ಆ ಶಾಲೆಯ ಹಿಂದಿನ ಮೂರನೇ ಓಣಿ ಇರಬೇಕು ಅಂದ. ಅದು ನಾಲ್ಕನೆಯದು. ಹುಡುಗಿಯ ಮುಖ ಸಣ್ಣಗಾಯಿತು.

ಅವನು ಹೇಗೆ ಹಿಡಿದ ಅನ್ನುವುದನ್ನು ಬಿಡಿಸಿ ಹೇಳುತ್ತೇನೆ. ನೀನು ಮಾಳಿಗೆಯಲ್ಲೇ ಶೂಟ್ ಮಾಡುವುದರಿಂದ ನಿನಗೆ ಇದು ನೇರವಾಗಿ ಬೇಕು.

ಮೊದಲ ಸುಳಿವು ಒಂದು ರಂಗೋಲಿ ವಿಡಿಯೊದ ಕೊನೆಯ ಎರಡು ಸೆಕೆಂಡ್. ರಂಗೋಲಿ ಮುಗಿಸಿ ಫೋನ್ ಎತ್ತಿಕೊಂಡು ರೆಕಾರ್ಡಿಂಗ್ ನಿಲ್ಲಿಸುವಾಗ ಕ್ಯಾಮೆರಾ ಮೇಲಕ್ಕೆ ತಿರುಗಿತ್ತು. ಬಾಗಿಲು, ನಿಂತಿದ್ದ ಸ್ಕೂಟರಿನ ‘ಕೆಎ 34’ ಪ್ಲೇಟು, ಗೋಡೆ ಮೇಲಿನ ಕರೆಂಟ್ ಮೀಟರು ಎಲ್ಲ ಬಂದಿದ್ದವು. ಮೀಟರ್ ಪಕ್ಕ ಬಣ್ಣದಲ್ಲಿ ಬರೆದ ಆರ್‌ಆರ್ ನಂಬರೂ ಇತ್ತು. 34 ಅಂದರೆ ಬಳ್ಳಾರಿ ಆರ್‌ಟಿಒ, 36 ರಾಯಚೂರು, 37 ಕೊಪ್ಪಳ. ಇದು ನಮ್ಮ ಕಡೆ ಚಿಕ್ಕ ಮಕ್ಕಳಿಗೂ ಗೊತ್ತು. ಎಷ್ಟೋ ಜನರ ವಿಡಿಯೊ ನೋಡಿದ್ದೇನೆ, ಸುಳಿವು ಜಾಸ್ತಿ ಸೋರುವುದು ಇಲ್ಲೇ. ಫೋನ್ ಇಡುವ ಮೊದಲ ಎರಡು ಸೆಕೆಂಡ್, ತೆಗೆಯುವ ಕೊನೆಯ ಎರಡು ಸೆಕೆಂಡ್.

ಎರಡನೆಯದು ಮಾಳಿಗೆ. ನಮ್ಮೂರಲ್ಲಿ ಎರಡು ಗುಡ್ಡ ಇವೆಯಲ್ಲ, ಕೋಟೆ ಇರುವ ಬಳ್ಳಾರಿ ಗುಡ್ಡ, ಇನ್ನೊಂದು ಕುಂಬಾರ ಗುಡ್ಡ. ಕುಂಬಾರ ಗುಡ್ಡ ಆಗ್ನೇಯ ದಿಕ್ಕಿನಿಂದ ನೋಡಿದರೆ ಮನುಷ್ಯನ ಮುಖದ ಹಾಗೆ ಕಾಣುತ್ತದೆ. ಬೇರೆ ಕಡೆಯಿಂದ ಹಾಗೆ ಕಾಣುವುದಿಲ್ಲ. ಅಂದರೆ ಗುಡ್ಡದ ಆಕಾರ ನೋಡಿಯೇ ನೀನು ಯಾವ ದಿಕ್ಕಿನಲ್ಲಿ ನಿಂತಿದ್ದೀಯ ಅಂತ ಹೇಳಬಹುದು. ಅವಳ ವಿಡಿಯೊದಲ್ಲಿ ಗುಡ್ಡದ ಒಂದು ಅಂಚಿನ ಕೆಳಗೆ ನೇರವಾಗಿ ಒಂದು ನೀರಿನ ಟ್ಯಾಂಕ್ ಕಾಣುತ್ತಿತ್ತು. ಗೆಳೆಯ ಮ್ಯಾಪ್ ತೆರೆದು ಗುಡ್ಡದಿಂದ ಟ್ಯಾಂಕಿಗೆ ಒಂದು ಗೆರೆ ಎಳೆದ. ಅದನ್ನು ಮುಂದಕ್ಕೆ ಎಳೆದರೆ ಮನೆ ಆ ಗೆರೆಯ ಮೇಲೇ ಇರಬೇಕು. ಇನ್ನೊಂದು ವಿಡಿಯೊದಲ್ಲಿ ಬೇರೆ ಬದಿಗೆ ಒಂದು ಮೊಬೈಲ್ ಟವರ್, ಅದರ ಹಿಂದೆ ಒಂದು ಎತ್ತರದ ಕಟ್ಟಡ. ಅದರಿಂದ ಎರಡನೇ ಗೆರೆ. ಎರಡು ಗೆರೆ ಕೂಡುವ ಜಾಗದಲ್ಲಿ ನಾಲ್ಕೈದು ಓಣಿ ಉಳಿದವು, ಅಷ್ಟೇ.

ಮೂರನೆಯದು ಕಣ್ಣಿಗೆ ಕಾಣುವುದೇ ಅಲ್ಲ. ಒಂದು ವಿಡಿಯೊದಲ್ಲಿ ಹಾಡಿನ ದನಿ ಕಡಿಮೆ ಇತ್ತು. ಹಿಂದೆ ಶಾಲೆಯ ಬೆಳಗಿನ ಪ್ರಾರ್ಥನೆ ಮೈಕಿನಲ್ಲಿ ಕೇಳುತ್ತಿತ್ತು. ಕೊನೆಗೆ ಯಾರೋ ಶಾಲೆಯ ಹೆಸರನ್ನೇ ಹೇಳಿಬಿಟ್ಟರು. ಆಮೇಲೆ ಉಪಗ್ರಹ ಚಿತ್ರದಲ್ಲಿ ಶಾಲೆ ಹತ್ತಿರ ನೀಲಿ ತಗಡಿನ ಶೀಟು ಹಾಕಿದ ಮಾಳಿಗೆ ಹುಡುಕುವುದು ಎಷ್ಟು ಹೊತ್ತಿನ ಕೆಲಸ?

ಒಂದೊಂದೇ ವಿಡಿಯೊ ನೋಡಿದರೆ ಇದರಲ್ಲಿ ಏನೂ ಇಲ್ಲ ಅನಿಸುತ್ತದೆ. ಅದಕ್ಕೇ ಅವಳಿಗೆ ಗೊತ್ತಾಗಿರಲಿಲ್ಲ. ಹೊರಗಿನವನು ಮಾತ್ರ ಎಲ್ಲವನ್ನೂ ಒಟ್ಟಿಗೆ ಕೂತು ನೋಡುತ್ತಾನೆ. ಮನೆ ನಂಬರ್ ಸಿಗದಿದ್ದರೂ ಅವನಿಗೆ ನಷ್ಟವಿಲ್ಲ. ದಿನಾ ಆರೂವರೆಗೆ ಇವಳು ಹೊಸ್ತಿಲ ಮುಂದೆ ಒಬ್ಬಳೇ ಕೂತಿರುತ್ತಾಳೆ ಅನ್ನುವುದು ವಿಡಿಯೊ ಹಾಕುವ ಹೊತ್ತಿನಿಂದಲೇ ಗೊತ್ತಾಗುತ್ತಿತ್ತು. ನನಗೆ ನಿಜಕ್ಕೂ ಹೆದರಿಕೆ ಆಗಿದ್ದು ಅದಕ್ಕೆ.

ಆಮೇಲೆ ಏನೇನು ಬದಲಿಸಿದೆವು ಅಂತ ಹೇಳುತ್ತೇನೆ. ಅಕ್ಕ ಮೊದಲು ಚಾನೆಲ್ಲೇ ಬೇಡ ಅಂದಳು. ನಾನು ಒಪ್ಪಲಿಲ್ಲ. ಮುಚ್ಚಿಸಿದರೆ ಮಕ್ಕಳು ಗೆಳತಿಯ ಫೋನಿನಲ್ಲಿ ಇನ್ನೊಂದು ತೆರೆಯುತ್ತಾರೆ, ಆಗ ಏನಾದರೂ ಆದರೆ ಮನೆಯಲ್ಲಿ ಬಾಯಿ ಬಿಡುವುದಿಲ್ಲ.

ರಂಗೋಲಿಯನ್ನು ಹೊಸ್ತಿಲಿನಿಂದ ಒಳಗೆ ತಂದೆವು. ಮೂರಡಿ ಉದ್ದ, ಮೂರಡಿ ಅಗಲದ ಪ್ಲೈವುಡ್‌ಗೆ ಕಪ್ಪು ಬಣ್ಣ ಬಳಿದು ಅದರ ಮೇಲೆ ಹಾಕುತ್ತಾಳೆ. ಫೋನನ್ನು ಮೇಲಿನಿಂದ ನೇರ ಕೆಳಕ್ಕೆ ನೋಡುವ ಹಾಗೆ ಸ್ಟ್ಯಾಂಡಿಗೆ ಕಟ್ಟಿದ್ದೇವೆ. ಹಲಗೆ ಬಿಟ್ಟು ಬೇರೇನೂ ಬರುವುದಿಲ್ಲ. ನೋಡುವವರಿಗೂ ಈಗ ರಂಗೋಲಿ ಚೆನ್ನಾಗಿ ಕಾಣುತ್ತದೆ.

ಡಾನ್ಸಿಗೆ ನೀನು ಮಾಡಬೇಕಾದ್ದು ಇದು. ಫೋನನ್ನು ನೆಲದ ಹತ್ತಿರ ಇಟ್ಟು ಮೇಲಕ್ಕೆ ತಿರುಗಿಸಬೇಡ. ಹಾಗೆ ಇಟ್ಟರೆ ನಿನ್ನ ಹಿಂದೆ ಆಕಾಶ, ಗುಡ್ಡ, ಟವರ್ ಎಲ್ಲ ಬರುತ್ತವೆ. ಫೋನ್ ನಿನ್ನ ತಲೆಗಿಂತ ಸ್ವಲ್ಪ ಎತ್ತರ ಇರಲಿ, ತುಸು ಕೆಳಕ್ಕೆ ನೋಡುತ್ತಿರಲಿ. ನಿನ್ನ ಹಿಂದೆ ಮೆಟ್ಟಿಲು ಕೋಣೆಯ ಗೋಡೆ ಇರುವ ಹಾಗೆ ನಿಲ್ಲು. ಗೋಡೆಗೆ ಗುರುತು ಸಿಗುವ ಬಣ್ಣವಿದ್ದರೆ ಒಂದು ಹಳೆ ಬೆಡ್‌ಶೀಟ್ ಇಳಿಬಿಡು.

ಹಿಂದಿನದನ್ನು ಮಸುಕು ಮಾಡುವ ಫಿಲ್ಟರನ್ನು ನಂಬಬೇಡ. ನೀನು ಕೈ ಬೀಸಿದಾಗ ಅಂಚಿನಲ್ಲಿ ಅದು ಬಿಟ್ಟು ಬಿಟ್ಟು ಹೋಗುತ್ತದೆ, ಆ ಒಂದು ಫ್ರೇಮ್ ನಿಲ್ಲಿಸಿ ನೋಡಿದರೆ ಎಲ್ಲ ಕಾಣುತ್ತದೆ. ಎಡ ಬಲ ತಿರುಗಿಸಿ ಹಾಕಿದರೂ ಅಷ್ಟೇ, ಅವರು ಮತ್ತೆ ತಿರುಗಿಸಿಕೊಳ್ಳುತ್ತಾರೆ. ಏನಾದರೂ ಮುಚ್ಚಲೇಬೇಕಾದರೆ ಎಡಿಟಿಂಗ್‌ನಲ್ಲಿ ಅದರ ಮೇಲೆ ಗಟ್ಟಿ ಬಣ್ಣದ ಚೌಕ ಇಡು.

ಹೊರಗಿನ ಶಬ್ದ ಪೂರ್ತಿ ತೆಗೆದುಬಿಡು. ಹಾಡಿನ ಕೆಳಗೆ ಸಣ್ಣಗೆ ಉಳಿಸಬೇಡ, ಸೊನ್ನೆ ಮಾಡು. ಮಾತಾಡಬೇಕಿದ್ದರೆ ಕೋಣೆಯಲ್ಲಿ ಕೂತು ಬೇರೆಯಾಗಿ ರೆಕಾರ್ಡ್ ಮಾಡಿ ಸೇರಿಸು. ಎಡಿಟ್ ಮುಗಿದ ಮೇಲೆ ಒಮ್ಮೆ ದನಿ ಮುಚ್ಚಿ ಬರೀ ಕಣ್ಣಲ್ಲಿ ನೋಡು. ಇನ್ನೊಮ್ಮೆ ಕಣ್ಣು ಮುಚ್ಚಿ ಬರೀ ಕಿವಿಯಲ್ಲಿ ಕೇಳು. ವಿಡಿಯೊವನ್ನು ಕನಿಷ್ಠ ಒಂದು ದಿನ ತಡಮಾಡಿ ಹಾಕು, ದಿನಾ ಒಂದೇ ಹೊತ್ತಿಗೆ ಬೇಡ. ಜಾತ್ರೆಗೆ ಹೋದರೆ ಮನೆಗೆ ಬಂದ ಮೇಲೆ ಹಾಕು.

ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ `Location tags` ಅಥವಾ `Save location` ಅಂತ ಇರುತ್ತದೆ, ಅದನ್ನು ಆಫ್ ಮಾಡು. ಅದು ಆನ್ ಇದ್ದರೆ ಫೈಲ್ ಒಳಗೇ ಜಾಗದ ಗುರುತು ಕೂರುತ್ತದೆ. ಯೂಟ್ಯೂಬ್‌ನಲ್ಲಿ ನೋಡುವವರಿಗೆ ಅದು ಕಾಣುವುದಿಲ್ಲ. ಆದರೆ ‘ಒರಿಜಿನಲ್ ಕಳಿಸು’ ಅಂದವರಿಗೆ ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಮಾಡಿ ಕಳಿಸಿದರೆ ಗುರುತೂ ಜೊತೆಗೇ ಹೋಗುತ್ತದೆ.

ಹಳೆ ವಿಡಿಯೊ ಎಲ್ಲವನ್ನೂ ಇವತ್ತೇ `Private` ಮಾಡು. ಅಳಿಸಲು ಅವಸರ ಬೇಡ. ಆಮೇಲೆ ಒಂದೊಂದಾಗಿ ನೋಡಿ, ಸರಿ ಇದ್ದದ್ದನ್ನು ಮತ್ತೆ ತೆರೆ. ಉದ್ದದ ವಿಡಿಯೊ ಆದರೆ ಕಂಪ್ಯೂಟರಿನಲ್ಲಿ ಯೂಟ್ಯೂಬ್ ಸ್ಟುಡಿಯೊ ತೆರೆದು ಬೇಡದ ಭಾಗ ಕತ್ತರಿಸಬಹುದು, `Blur` ಹಾಕಬಹುದು. ಆದರೆ ಯಾರಾದರೂ ಆಗಲೇ ಡೌನ್‌ಲೋಡ್ ಮಾಡಿಕೊಂಡಿದ್ದರೆ ಅದು ವಾಪಸ್ ಬರುವುದಿಲ್ಲ.

ಇನ್ನು ಯಾರನ್ನು ತೋರಿಸಬಹುದು ಅನ್ನುವ ವಿಚಾರ. ತಂಗಿಯ ಮುಖ ಬೇಡ. ಅವಳು ಈಗ ಹೂಂ ಅನ್ನುತ್ತಾಳೆ, ಅಕ್ಕ ಕರೆದರೆ ಯಾವ ತಂಗಿ ಬೇಡ ಅನ್ನುತ್ತಾಳೆ? ತನ್ನ ಮುಖ ಎಲ್ಲೆಲ್ಲಿ ಹೋಗುತ್ತದೆ ಅನ್ನುವುದು ಆ ವಯಸ್ಸಿಗೆ ತಿಳಿಯುವುದಿಲ್ಲ. ಕೈ ತೋರಿಸು, ಬೆನ್ನು ತೋರಿಸು, ಸಾಕು. ಶೂಟ್ ಮಾಡುವಾಗ ಮನೆಯವರು ಅವಳ ಹೆಸರು ಕೂಗಿದರೆ ಅದನ್ನೂ ಕತ್ತರಿಸು. ಗೆಳತಿಯರದ್ದಾದರೆ ಪ್ರತಿ ವಿಡಿಯೊಗೂ ಅವರನ್ನೂ ಅವರ ಅಪ್ಪ ಅಮ್ಮನನ್ನೂ ಕೇಳಬೇಕು. ಒಂದು ಸಲ ಕೇಳಿದ್ದು ಎಲ್ಲದಕ್ಕೂ ಆಗುವುದಿಲ್ಲ. ಹಾಕುವ ಮೊದಲು ಎಡಿಟ್ ಆದದ್ದನ್ನು ಅವರಿಗೆ ತೋರಿಸು. ಆಮೇಲೆ ಅವರು ತೆಗಿ ಅಂದರೆ ಕಾರಣ ಕೇಳದೆ ತೆಗೆ. ಯೂನಿಫಾರ್ಮ್ ಹಾಕಿಕೊಂಡು ಯಾರೂ ಬರಬಾರದು. ಬ್ಯಾಡ್ಜ್ ತೆಗೆದರೂ ಬಣ್ಣ ನೋಡಿದರೆ ಯಾವ ಶಾಲೆ ಅಂತ ನಮ್ಮೂರಲ್ಲಿ ಗೊತ್ತಾಗುತ್ತದೆ.

ಇಷ್ಟೆಲ್ಲ ಮಾಡಿದ ಮೇಲೆ ನಮ್ಮ ಹುಡುಗಿಯ ಗುಟ್ಟು ಬಿಟ್ಟುಕೊಟ್ಟವರು ನಮ್ಮವರೇ. ‘ಸೂಪರ್ ಪುಟ್ಟಿ, ನಾಳೆ ಟ್ಯೂಷನ್ ಮುಗಿಸಿ ನಮ್ಮನೆಗೆ ಬಾ’ ಅಂತ ಚಿಕ್ಕಮ್ಮ ಪ್ರೀತಿಯಿಂದ ಕಾಮೆಂಟ್ ಹಾಕಿದ್ದರು, ಟ್ಯೂಷನ್ ಹೆಸರು ಸಮೇತ. ಯೂಟ್ಯೂಬ್ ಸ್ಟುಡಿಯೊ ಸೆಟ್ಟಿಂಗ್‌ನಲ್ಲಿ `Blocked words` ಅಂತ ಒಂದು ಜಾಗವಿದೆ. ನಿನ್ನ ಶಾಲೆ, ಓಣಿ, ಟ್ಯೂಷನ್, ಮನೆಯಲ್ಲಿ ಕರೆಯುವ ಹೆಸರು ಎಲ್ಲವನ್ನೂ ಕನ್ನಡದಲ್ಲೂ ಇಂಗ್ಲಿಷ್ ಅಕ್ಷರದಲ್ಲೂ ಅಲ್ಲಿ ಬರೆದಿಡು. ಆ ಪದ ಇರುವ ಕಾಮೆಂಟ್ ಸೀದಾ ಹೊರಗೆ ಕಾಣುವುದಿಲ್ಲ.

ಲೈವ್ ಮಾತ್ರ ಬೇಡವೇ ಬೇಡ. ಅದರಲ್ಲಿ ಕತ್ತರಿಸಲು ಸಮಯವೇ ಇರುವುದಿಲ್ಲ. 16 ತುಂಬದವರು ಒಬ್ಬರೇ ಲೈವ್ ಬರಲು 2025ರ ಜುಲೈನಿಂದ ಯೂಟ್ಯೂಬ್ ಕೂಡ ಬಿಡುವುದಿಲ್ಲ.

ಯಾರಾದರೂ ‘ನಿನ್ನ ಮನೆ ಗೊತ್ತು’ ಅಂತ ಮೆಸೇಜ್ ಹಾಕಿದರೆ ಹೌದು ಅಲ್ಲ ಏನೂ ಬರೆಯಬೇಡ. ಉತ್ತರ ಕೊಟ್ಟರೆ ಅವರ ಊಹೆ ಗಟ್ಟಿಯಾಗುತ್ತದೆ. ಅವರ ಅಕೌಂಟ್ ಹೆಸರು ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆದು, ಅವತ್ತೇ ಅಮ್ಮನಿಗೆ ತೋರಿಸು. ಮಕ್ಕಳ ಸಹಾಯವಾಣಿ 1098ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು, cybercrime.gov.in ನಲ್ಲಿ ದೂರು ಕೊಡಬಹುದು.

ಎರಡು ತಿಂಗಳಾದ ಮೇಲೆ ಹೊಸ ವಿಡಿಯೊಗಳನ್ನು ಅದೇ ಗೆಳೆಯನಿಗೆ ಮತ್ತೆ ಕೊಟ್ಟೆವು. ಈ ಸಲ ಎರಡು ದಿನ ಹುಡುಕಿದ. ಓಣಿ ಸಿಗಲಿಲ್ಲ. ರಂಗೋಲಿ ಹಲಗೆಯ ಪಕ್ಕ ಇಟ್ಟಿದ್ದ ಸ್ಟೀಲ್ ತಂಬಿಗೆಯಲ್ಲಿ ಕಿಟಕಿಯೂ ಎದುರು ಮನೆಯ ಗೇಟೂ ಪ್ರತಿಬಿಂಬವಾಗಿ ಕಾಣುತ್ತಿವೆ, ಅದನ್ನು ತೆಗೆಯಿರಿ ಅಂದ. ಈಗ ಅಲ್ಲಿ ಪ್ಲಾಸ್ಟಿಕ್ ಡಬ್ಬಿ ಇದೆ.

ಇನ್ನೊಂದು ಮಾತು. ನಿನ್ನ ಪ್ರಶ್ನೆಯಲ್ಲಿ ವಯಸ್ಸು, ಊರು, ಮಾಳಿಗೆ ಡಾನ್ಸ್ ಮೂರೂ ಒಟ್ಟಿಗೆ ಇವೆ. ಇದನ್ನು ಓದಿದ ತಕ್ಷಣ ಪ್ರಶ್ನೆಯನ್ನು ತಿದ್ದಿ ವಯಸ್ಸನ್ನೂ ಊರನ್ನೂ ತೆಗೆದುಬಿಡು. ನಾನೂ ಈ ಉತ್ತರದ ಮೇಲಿರುವ ನಿನ್ನ ಸಾಲುಗಳನ್ನು ಆಗ ಬದಲಿಸುತ್ತೇನೆ.