ಮೈಕ್ ಪ್ರೀಆಂಪ್ ಮಂಕಾಗಿದ್ದರೆ ಸ್ಲೂ ರೇಟ್ ಮೇಲೆ ಹಾರಬೇಡಿ

"ಟಿಎಲ್072 ಹಾಕಿ ಮೈಕ್ ಪ್ರೀಆಂಪ್ ಮಾಡಿದ್ದೀನಿ. ಒಂದೇ ಸ್ಟೇಜ್, ಗೇನ್ 500. ‘ಸ’, ‘ಶ’ ಎಲ್ಲ ಮಂಕು. ಇನ್ನೂ ಜಾಸ್ತಿ ಸ್ಲೂ ರೇಟ್ ಇರೋ ಆಪ್-ಆಂಪ್ ಯಾವುದು ತಗೊಳ್ಳಲಿ?"

ಯಾವುದನ್ನೂ ತಗೊಳ್ಳಬೇಡಿ. ನಾನು ತಗೊಂಡು ದುಡ್ಡು ಕಳ್ಕೊಂಡೆ.

ನನ್ನದೂ ಇದೇ ಚಿಪ್, ಇದೇ ಮಂಕು ದನಿ. ಡೇಟಾಶೀಟ್‌ನಲ್ಲಿ ಸ್ಲೂ ರೇಟ್, ಅಂದರೆ ಔಟ್‌ಪುಟ್ ಏರಿಳಿಯಬಲ್ಲ ಗರಿಷ್ಠ ವೇಗ, ಮೈಕ್ರೋಸೆಕೆಂಡಿಗೆ 13 ವೋಲ್ಟ್ ಎಂದಿತ್ತು. ಸಾಲದು ಅಂದುಕೊಂಡು, ಅದಕ್ಕಿಂತ ಹತ್ತಾರು ಪಟ್ಟು ವೇಗದ ದುಬಾರಿ ಚಿಪ್ ತರಿಸಿದೆ. ಬ್ರೆಡ್‌ಬೋರ್ಡ್‌ನ ಉದ್ದುದ್ದ ವೈರುಗಳಲ್ಲಿ ಔಟ್‌ಪುಟ್ ಸಿಗ್ನಲ್ ಇನ್‌ಪುಟ್‌ಗೆ ಸೋರಿ, ಅದು ಮೆಗಾಹರ್ಟ್ಸ್‌ನಲ್ಲಿ ಆಸಿಲೇಟ್ ಆಯಿತು. ಕಿವಿಗೆ ಅದು ಕೇಳುವುದಿಲ್ಲ. ಚಿಪ್ ಮಾತ್ರ ಮುಟ್ಟಲಾಗದಷ್ಟು ಬಿಸಿ, ದನಿ ಒಡಕು.

ಕೊಳ್ಳುವ ಮುಂಚೆ ಒಂದು ಸಾಲಿನ ಲೆಕ್ಕ ಹಾಕಿದ್ದರೆ ಸಾಕಿತ್ತು:

```
SR = 2π × f × Vp
```

20 ಕಿಲೋಹರ್ಟ್ಸ್‌ನಲ್ಲಿ ಔಟ್‌ಪುಟ್ ಪೀಕ್ 1 ವೋಲ್ಟ್ ಇದ್ದರೆ ಬೇಕಾಗುವುದು ಮೈಕ್ರೋಸೆಕೆಂಡಿಗೆ ಸುಮಾರು 0.13 ವೋಲ್ಟ್. ನನ್ನ ಹತ್ತಿರ ಅದರ ನೂರು ಪಟ್ಟು ಇತ್ತು! 10 ವೋಲ್ಟ್ ಪೀಕ್ ಕೇಳಿದರೂ 1.3 ಸಾಕು. ಹಳೇ 741 ಆಗಿದ್ದರೆ ಬೇರೆ ಮಾತು. ಅದರದು ಬರೀ 0.5, ಹಾಗಾಗಿ 10 ವೋಲ್ಟ್ ಪೀಕ್‌ಗೆ 8 ಕಿಲೋಹರ್ಟ್ಸ್‌ನಲ್ಲೇ ಸುಸ್ತಾಗುತ್ತದೆ.

ನಿಮ್ಮಲ್ಲಿ ಕಡಿಮೆ ಬಿದ್ದಿರುವುದು ಗೇನ್-ಬ್ಯಾಂಡ್‌ವಿಡ್ತ್, ಅಂದರೆ ಗೇನ್ ಮತ್ತು ಫ್ರೀಕ್ವೆನ್ಸಿಯ ಗುಣಲಬ್ಧ. ಟಿಎಲ್072ಗೆ ಅದು ಸುಮಾರು 3 ಮೆಗಾಹರ್ಟ್ಸ್. ಅಂದರೆ 10 ಕಿಲೋಹರ್ಟ್ಸ್‌ನಲ್ಲಿ ಚಿಪ್ಪಿನ ಓಪನ್ ಲೂಪ್ ಗೇನೇ 300. ಫೀಡ್‌ಬ್ಯಾಕ್ ರೆಸಿಸ್ಟರ್ 500 ಕೇಳಿದರೆ ಎಲ್ಲಿಂದ ಕೊಡುತ್ತದೆ? 6 ಕಿಲೋಹರ್ಟ್ಸ್‌ನಲ್ಲೇ 3 ಡಿಬಿ ಹೋಗಿರುತ್ತದೆ, ನಿಮ್ಮ ‘ಸ’ ಇರುವುದು ಹೆಚ್ಚುಕಡಿಮೆ ಅದರ ಮೇಲೆಯೇ.

ನಂಬಿಕೆ ಬರದಿದ್ದರೆ 10 ಕಿಲೋಹರ್ಟ್ಸ್ ಸೈನ್ ಕೊಟ್ಟು, ಇನ್‌ಪುಟ್ ಹತ್ತನೇ ಒಂದಕ್ಕೆ ಇಳಿಸಿ. ಗೇನ್ ಆಗಲೂ ಮೊದಲಿನಷ್ಟೇ ಕಡಿಮೆ ಇದ್ದು, ಸೈನ್ ಆಕಾರ ಕೆಟ್ಟಿರದಿದ್ದರೆ ಅದು ಬ್ಯಾಂಡ್‌ವಿಡ್ತ್ ಮಿತಿ. ಜೋರಾದಾಗ ಮಾತ್ರ ಅಲೆ ತ್ರಿಕೋನದ ಥರ ಆಗಿ, ಸಣ್ಣ ಸಿಗ್ನಲ್‌ಗೆ ಸರಿಹೋದರೆ ಅದು ಸ್ಲೂ. ಈ ಪರೀಕ್ಷೆಯನ್ನೇ ನಾನು ಮಾಡಿರಲಿಲ್ಲ. 1 ಕಿಲೋಹರ್ಟ್ಸ್‌ನಲ್ಲಿ ನೋಡಿ, ಗೇನ್ ಸರಿಯಿದೆ ಅಂತ ಬಿಟ್ಟಿದ್ದೆ. ಅಲ್ಲಿ ಎರಡೂ ಕಾಣಿಸುವುದಿಲ್ಲ.

ಪರಿಹಾರ ನಿಮ್ಮ ಚಿಪ್ಪಿನ ಒಳಗೇ ಇದೆ. ಟಿಎಲ್072ನಲ್ಲಿ ಎರಡು ಆಪ್-ಆಂಪ್ ಇವೆ, ಒಂದು ಸುಮ್ನೆ ಕೂತಿದೆ ಅಲ್ವಾ? ಗೇನ್ 22 ಮತ್ತು 23 ಅಂತ ಹಂಚಿ. ಒಟ್ಟು 506, ಒಂದೊಂದೂ 130 ಕಿಲೋಹರ್ಟ್ಸ್‌ವರೆಗೆ ಹೋಗುತ್ತದೆ, ಎರಡೂ ಸೇರಿ 80ರ ಮೇಲೆ ಸಿಗುತ್ತದೆ. ಎನ್‌ಇ5532 ಹಾಕಿ ಒಂದೇ ಸ್ಟೇಜ್ ಇಟ್ಟುಕೊಳ್ಳುತ್ತೀನಿ ಅನ್ನಬೇಡಿ. ಅದರ 10 ಮೆಗಾಹರ್ಟ್ಸ್ ಅನ್ನು 500ರಿಂದ ಭಾಗಿಸಿದರೆ 20 ಕಿಲೋಹರ್ಟ್ಸ್, ಅಲ್ಲಿ ಆಗಲೇ 3 ಡಿಬಿ ಹೋಗಿರುತ್ತದೆ. ನಾಯ್ಸ್ ಕಡಿಮೆ ಬೇಕೆಂದರೆ ಎರಡು ಸ್ಟೇಜ್ ಮಾಡಿದ ಮೇಲೆ ಅದನ್ನೇ ಹಾಕಿ, ಪಿನ್‌ಗಳೂ ಹೊಂದುತ್ತವೆ.

ಸ್ಟೇಜ್‌ಗಳ ನಡುವೆ ಒಂದು ಕಪ್ಲಿಂಗ್ ಕೆಪಾಸಿಟರ್ ಹಾಕಿ. ಇಲ್ಲದಿದ್ದರೆ ಮೊದಲನೆಯದರ ಆಫ್‌ಸೆಟ್ ಕೂಡ 506 ಪಟ್ಟು ದೊಡ್ಡದಾಗಿ ಹೊರಗೆ ಬರುತ್ತದೆ.