ಮಷೀನ್ ಕನ್ನಡದ ಬ್ರೋಷರನ್ನು ಆಡುವ ಕನ್ನಡಕ್ಕೆ ತರುವುದು ಹೇಗೆ?

"ತುಮಕೂರಿನಲ್ಲಿ ನಮ್ಮದು ಸೋಲಾರ್ ವಾಟರ್ ಹೀಟರ್ ಅಂಗಡಿ. ಕಂಪನಿಯ ಇಂಗ್ಲಿಷ್ ಬ್ರೋಷರನ್ನು ಮಷೀನ್ ಟ್ರಾನ್ಸ್‌ಲೇಷನ್‌ನಲ್ಲಿ ಕನ್ನಡ ಮಾಡಿದೆ. ವ್ಯಾಕರಣದ ತಪ್ಪೇನೂ ಕಾಣಿಸುತ್ತಿಲ್ಲ, ಆದರೆ ಗಿರಾಕಿಗಳು ಎರಡು ಸಾಲು ಓದಿ ಕೌಂಟರ್ ಮೇಲೆ ಇಟ್ಟುಬಿಡ್ತಾರೆ. ಎಲ್ಲಿಂದ ತಿದ್ದೋಕೆ ಶುರು ಮಾಡಲಿ?"

ಕ್ರಿಯಾಪದದಿಂದ ಶುರು ಮಾಡಿ. ಹನ್ನೆರಡು ವರ್ಷದಿಂದ ಕರಪತ್ರ, ಬ್ರೋಷರ್ ತಿದ್ದುವುದೇ ನನ್ನ ಕೆಲಸ. ಇಂಥದ್ದು ಕೈಗೆ ಬಂದಾಗ ಹೆಚ್ಚಿನವರು ಮೊದಲು ಮಾಡುವುದು 'ಜಲತಾಪಕ' ಹೊಡೆದುಹಾಕಿ 'ವಾಟರ್ ಹೀಟರ್' ಅಂತ ಬರೆಯುವುದು. ಅದೂ ಬೇಕು. ಆದರೆ ಅಷ್ಟಕ್ಕೇ ನಿಲ್ಲಿಸಿದರೆ ಬ್ರೋಷರ್ ಮತ್ತೆ ಕೌಂಟರ್ ಮೇಲೇ ಉಳಿಯುತ್ತದೆ. ಕೆಲಸ ಮಾಡುವವರು ಯಾರು, ಮಾಡಿಸಿಕೊಳ್ಳುವವರು ಯಾರು, ಯಾರಿಗೋಸ್ಕರ ಮಾಡುತ್ತಾರೆ ಅನ್ನುವುದನ್ನೆಲ್ಲ ಕನ್ನಡ ಕ್ರಿಯಾಪದದ ಬಾಲದಲ್ಲಿ ಹೇಳಿಬಿಡುತ್ತದೆ. ಮಾಡಿ, ಮಾಡಿಸಿ, ಮಾಡಿಕೊಳ್ಳಿ, ಮಾಡಿಸಿಕೊಳ್ಳಿ, ಮಾಡಿಕೊಡುತ್ತೇವೆ, ಇವು ಐದೂ ಬೇರೆ ಬೇರೆ ಮಾತು. ಇಂಗ್ಲಿಷ್ ಬ್ರೋಷರಿನಲ್ಲಿ ಈ ವ್ಯತ್ಯಾಸ ಇರುವುದಿಲ್ಲ, ಹಾಗಾಗಿ ಮಷೀನಿಗೂ ಸಿಗುವುದಿಲ್ಲ.

ನಿಮ್ಮಂತೆಯೇ ಸೋಲಾರ್ ಮಾರುವ ಹಾಸನ ಕಡೆಯ ಒಬ್ಬ ಡೀಲರ್‌ಗೆ ನಾನು ತಿದ್ದಿಕೊಟ್ಟ ಒಂದು ಪ್ಯಾರಾ ಇಲ್ಲಿ ಇಡುತ್ತೇನೆ. ಮಷೀನ್ ಕೊಟ್ಟದ್ದು ಹೀಗಿತ್ತು:

"ನಮ್ಮ ಸೌರ ಜಲತಾಪಕವನ್ನು ಇಂದೇ ನಿಮ್ಮ ಛಾವಣಿಯ ಮೇಲೆ ಸ್ಥಾಪಿಸಿ ಮತ್ತು ಹೆಚ್ಚಿನ ವಿದ್ಯುತ್ ಬಿಲ್‌ಗಳಿಗೆ ವಿದಾಯ ಹೇಳಿ. ಇದು 200 ಲೀಟರ್‌ಗಳ ಸಾಮರ್ಥ್ಯವನ್ನು ಹೊಂದಿರುವ ಒಂದು ಟ್ಯಾಂಕ್‌ನೊಂದಿಗೆ ಬರುತ್ತದೆ, ಇದು ನಿಮ್ಮ ಇಡೀ ಕುಟುಂಬಕ್ಕೆ ಬಿಸಿ ನೀರನ್ನು ಒದಗಿಸುತ್ತದೆ. ನಮ್ಮ ತರಬೇತಿ ಪಡೆದ ತಂತ್ರಜ್ಞರಿಂದ ಉಚಿತ ಅನುಸ್ಥಾಪನೆಯನ್ನು ಮಾಡಲಾಗುತ್ತದೆ. ಮಾರಾಟದ ನಂತರದ ಸೇವೆಯ ವಿಷಯಕ್ಕೆ ಬಂದಾಗ, ನಾವು ನಿಮ್ಮನ್ನು ಆವರಿಸಿದ್ದೇವೆ."

ಮೊದಲ ಸಾಲಿನ 'ಸ್ಥಾಪಿಸಿ' ನೋಡಿ. ಅಂಗಡಿಗೆ ಬಂದಿದ್ದ ಒಬ್ಬ ಹಿರಿಯರು ಇದನ್ನು ಓದಿ "ಏನ್ ಸ್ವಾಮಿ, ನಾವೇ ಹಾಕ್ಕೋಬೇಕಾ?" ಅಂತ ಕೇಳಿದರಂತೆ. ಅವರು ಕೇಳಿದ್ದು ಸರಿಯಾಗಿಯೇ ಇದೆ. 'ಸ್ಥಾಪಿಸಿ' ಎಂದರೆ ಕೆಲಸ ಗಿರಾಕಿಯ ಹೆಗಲಿಗೆ ಬೀಳುತ್ತದೆ. ಅಲ್ಲಿ ಬೇಕಿದ್ದದ್ದು 'ಹಾಕಿಸಿ' ಅಥವಾ 'ಹಾಕಿಸಿಕೊಳ್ಳಿ'. ಮೂರನೆಯ ಸಾಲಿನಲ್ಲಿ 'ಅನುಸ್ಥಾಪನೆಯನ್ನು ಮಾಡಲಾಗುತ್ತದೆ' ಎಂದಿದೆ. ಮಾಡುವವರು ಯಾರೋ ಮರೆಯಲ್ಲಿ ನಿಂತ ಹಾಗೆ, ಸರ್ಕಾರಿ ಸುತ್ತೋಲೆಯ ಧಾಟಿ. ನಾವು ಎದುರಿಗೆ ಕೂತು ಹೇಳುವುದಾದರೆ 'ಬಂದು ಹಾಕಿಕೊಡುತ್ತೇವೆ' ಅನ್ನುತ್ತೇವೆ. 'ಬಂದು' ಎಂದ ಕೂಡಲೇ ಜನ ನಿಮ್ಮ ಮನೆ ಬಾಗಿಲಿಗೆ ಬರುತ್ತಾರೆ ಅನ್ನುವುದು ತಿಳಿಯಿತು, 'ಕೊಡುತ್ತೇವೆ' ಎಂದ ಕೂಡಲೇ ಅದು ನಿಮಗೋಸ್ಕರ ಅನ್ನುವುದೂ ತಿಳಿಯಿತು. ನಿಮ್ಮ ಬ್ರೋಷರಿನಲ್ಲಿ 'ಲಾಗುತ್ತದೆ', 'ಲಾಗಿದೆ', 'ಲ್ಪಟ್ಟ' ಎಂದು ಮುಗಿಯುವ ಎಲ್ಲ ಕ್ರಿಯಾಪದಕ್ಕೂ ಪೆನ್ಸಿಲಿನಲ್ಲಿ ಗುರುತು ಹಾಕಿ, ಒಂದೊಂದಕ್ಕೂ 'ಯಾರು?' ಎಂದು ಕೇಳಿ. ಉತ್ತರ 'ನಾವು' ಎಂದಾದರೆ ಹಾಗೇ ಬರೆಯಿರಿ.

ಇನ್ನು ನುಡಿಗಟ್ಟು. 'ವಿದಾಯ ಹೇಳಿ' ಎಂದರೆ ನಮಗೆ ನೆನಪಾಗುವುದು ಬೀಳ್ಕೊಡುಗೆ ಸಮಾರಂಭ. ಕರೆಂಟ್ ಬಿಲ್ಲಿಗೆ ಯಾರೂ ವಿದಾಯ ಹೇಳುವುದಿಲ್ಲ. 'ಆವರಿಸಿದ್ದೇವೆ' ಎಂದರೆ ಮೋಡವೋ ಮಂಜೋ ಆವರಿಸಿದ ಹಾಗೆ, ಓದಿದವರಿಗೆ ಏನೂ ಅರ್ಥವಾಗದು. ಇಂಥ ಕಡೆ ಅದೇ ತೂಕದ ಇನ್ನೊಂದು ಕನ್ನಡ ನುಡಿಗಟ್ಟು ಹುಡುಕಬೇಕು ಎಂದು ತುಂಬ ಜನ ಅಂದುಕೊಂಡು ಗಾದೆ ತುರುಕುತ್ತಾರೆ. ಅದು ಬೇಡ. ಒಬ್ಬರು ಉಳಿತಾಯದ ಪುಟದ ಮೇಲೆ 'ಹಾಸಿಗೆ ಇದ್ದಷ್ಟು ಕಾಲು ಚಾಚು' ಎಂದು ಹಾಕಿಸಿದ್ದನ್ನು ನೋಡಿದ್ದೇನೆ. ಆ ಗಾದೆ ಗಿರಾಕಿಗೆ ಹೇಳುವುದು 'ಕೈಯಲ್ಲಿ ದುಡ್ಡಿಲ್ಲದಿದ್ದರೆ ತಗೋಬೇಡ' ಎಂದಲ್ಲವೇ? ಕಂಪನಿ ನಿಜವಾಗಿ ಏನು ಹೇಳಲು ಹೊರಟಿದೆ ಎಂದು ಕೇಳಿಕೊಳ್ಳಿ, ಅದನ್ನು ಕೌಂಟರಿನ ಈ ಕಡೆಯಿಂದ ನೀವು ಹೇಗೆ ಹೇಳುತ್ತಿದ್ದಿರೋ ಹಾಗೆ ಬರೆಯಿರಿ. 'ಆವರಿಸಿದ್ದೇವೆ' ಎನ್ನುವುದರ ಹಿಂದಿನ ಮಾತು 'ಆಮೇಲೆ ಏನೇ ತೊಂದರೆ ಬಂದರೂ ನಾವಿದ್ದೇವೆ' ಎಂದು, ಅಷ್ಟೇ.

ಓದುವಾಗ ಉಸಿರು ಕಟ್ಟುವುದು ಎರಡನೆಯ ಸಾಲಿನಲ್ಲಿ. 'ಇದು... ಬರುತ್ತದೆ, ಇದು... ಒದಗಿಸುತ್ತದೆ' ಅನ್ನುವ ಜೋಡಣೆ ಇಂಗ್ಲಿಷಿನದು. ಎರಡನೆಯ 'ಇದು' ಯಾವುದು, ಟ್ಯಾಂಕೋ ಹೀಟರೋ, ಗೊತ್ತಾಗುವುದಿಲ್ಲ. ಕೆಲವು ಮಷೀನ್ ಇದಕ್ಕೆ ಉಲ್ಟಾ ಮಾಡಿ ವಿಶೇಷಣಗಳನ್ನೆಲ್ಲ ನಾಮಪದಕ್ಕಿಂತ ಮೊದಲೇ ಪೇರಿಸುತ್ತವೆ: 'ಇಡೀ ಕುಟುಂಬಕ್ಕೆ ಬಿಸಿ ನೀರನ್ನು ಒದಗಿಸುವ 200 ಲೀಟರ್‌ಗಳ ಸಾಮರ್ಥ್ಯವನ್ನು ಹೊಂದಿರುವ ಉತ್ತಮ ಗುಣಮಟ್ಟದ ಟ್ಯಾಂಕ್'. ವ್ಯಾಕರಣದಲ್ಲಿ ತಪ್ಪಿಲ್ಲ, ಆದರೆ ಟ್ಯಾಂಕ್ ಎಂಬ ಮಾತು ಬರುವವರೆಗೆ ಓದುಗರು ಹೊರೆ ಹೊತ್ತು ನಿಂತಿರಬೇಕು. ನಾಮಪದಕ್ಕಿಂತ ಮೊದಲು ಒಂದೇ ವಿಶೇಷಣ ಸಾಕು, ಮಿಕ್ಕದ್ದಕ್ಕೆ ಬೇರೆ ವಾಕ್ಯ ಮಾಡಿ.

ಅದೇ ಸಾಲಿನಲ್ಲಿ 'ಸಾಮರ್ಥ್ಯವನ್ನು ಹೊಂದಿರುವ' ತೆಗೆದು 'ಹಿಡಿಯುತ್ತದೆ' ಅನ್ನಿ. ಕೊಡವೋ ಹಂಡೆಯೋ ಟ್ಯಾಂಕೋ, ನಮ್ಮಲ್ಲಿ ನೀರು ಹಿಡಿಯುವುದೇ. '200 ಲೀಟರ್‌ಗಳ' ಬೇಡ, ಸಂಖ್ಯೆ ಇದ್ದ ಮೇಲೆ 'ಗಳು' ಇಲ್ಲದಿದ್ದರೂ ಬಹುವಚನ ತಿಳಿಯುತ್ತದೆ. 'ಒಂದು ಟ್ಯಾಂಕ್‌ನೊಂದಿಗೆ' ಅನ್ನುವಲ್ಲಿನ 'ಒಂದು' ಇಂಗ್ಲಿಷಿನ ನೆರಳು. 'ಬಿಸಿ ನೀರನ್ನು' ಎನ್ನುವಲ್ಲಿ 'ಅನ್ನು' ಬಿಟ್ಟು ಬರೀ 'ಬಿಸಿನೀರು' ಎಂದರೆ ಮಾತಿನ ಲಯ ಬರುತ್ತದೆ. ಜೀವವಿಲ್ಲದ ವಸ್ತು ಕರ್ಮವಾಗಿದ್ದಾಗ ನಾವು 'ಅನ್ನು' ಹಚ್ಚುವುದು ಕಡಿಮೆ: ನೀರು ಕಾಯಿಸು, ಬಾಗಿಲು ಹಾಕು, ಬಿಲ್ ಕಟ್ಟು. ನಿಮ್ಮ ಬ್ರೋಷರಿನ ಒಂದು ಪುಟದಲ್ಲಿ 'ಅನ್ನು' ಎಷ್ಟಿದೆ ಎಣಿಸಿ ನೋಡಿ, ಮುಕ್ಕಾಲು ಪಾಲು ತೆಗೆದರೂ ಅರ್ಥ ಕೆಡುವುದಿಲ್ಲ. ಕ್ರಿಯೆಗಳ ನಡುವಿನ 'ಮತ್ತು' ಕೂಡ ಹಾಗೇ. 'ಕರೆ ಮಾಡಿ ಮತ್ತು ಕಾಯ್ದಿರಿಸಿ' ಬದಲು 'ಫೋನ್ ಮಾಡಿ ಹೇಳಿ' ಅಂದರೆ ಮುಗಿಯಿತು.

ಇಷ್ಟು ಮಾಡಿ ನಾನು ಮೊದಲು ಬರೆದದ್ದು ಇದು:

"ತಾರಸಿ ಮೇಲೆ ಸೋಲಾರ್ ಹಾಕಿಸಿ. ನೀರು ಕಾಯಿಸಲೆಂದು ಕರೆಂಟಿಗೆ ಸುರಿಯುವ ದುಡ್ಡು ಉಳಿಯುತ್ತದೆ. ಟ್ಯಾಂಕ್ 200 ಲೀಟರ್ ಹಿಡಿಯುತ್ತದೆ. ಮನೆಮಂದಿಯೆಲ್ಲ ಸ್ನಾನ ಮಾಡಿದರೂ ಬಿಸಿನೀರು ಮಿಕ್ಕುತ್ತದೆ. ನಮ್ಮ ಮೆಕ್ಯಾನಿಕ್ ಬಂದು ಹಾಕಿಕೊಡುತ್ತಾರೆ, ಅದಕ್ಕೆ ದುಡ್ಡಿಲ್ಲ. ಆಮೇಲೆ ಏನೇ ತೊಂದರೆ ಬಂದರೂ ಒಂದು ಫೋನ್ ಮಾಡಿ, ಬಂದು ನೋಡುತ್ತೇವೆ."

ಡೀಲರ್ ಓದಿ 'ಮಿಕ್ಕುತ್ತದೆ' ಮೇಲೆ ಬೆರಳಿಟ್ಟರು. ಎಂಟು ಜನರ ಮನೆಯಲ್ಲಿ ಮಿಕ್ಕುವುದಿಲ್ಲ, ಸಕಲೇಶಪುರದ ಕಡೆ ಮಳೆಗಾಲದಲ್ಲಿ ಮೋಡ ಕವಿದರೆ ಬ್ಯಾಕಪ್ ಹೀಟರ್ ಹಾಕಲೇಬೇಕು, ನಾಳೆ ಜಗಳಕ್ಕೆ ಬರುತ್ತಾರೆ ಎಂದರು. ಇಂಗ್ಲಿಷಿನಲ್ಲಿ ಇಲ್ಲದ ಭರವಸೆಯನ್ನು ನಾನು ಲಯದ ಆಸೆಗೆ ಸೇರಿಸಿಬಿಟ್ಟಿದ್ದೆ. ಅದನ್ನು ತೆಗೆದು 'ಮನೆಮಂದಿಗೆಲ್ಲ ಸ್ನಾನಕ್ಕೆ ಬಿಸಿನೀರು' ಎಂದು ಮಾಡಿದೆವು. ಭಾಷೆ ಹರಿಯತೊಡಗಿದಾಗಲೇ ಈ ಅಪಾಯ ಹೆಚ್ಚು, ಹಾಗಾಗಿ ತಿದ್ದಿದ ಮೇಲೆ ಇಂಗ್ಲಿಷ್ ಪಕ್ಕದಲ್ಲಿಟ್ಟುಕೊಂಡು ಅಂಕಿ, ಷರತ್ತು, ಎಚ್ಚರಿಕೆ ಮೂರನ್ನೂ ಒಂದೊಂದಾಗಿ ಹೋಲಿಸಿ. ಉಳಿತಾಯದ ಸಾಲಿನಲ್ಲಿ 'ವರೆಗೆ' ಎಂದಿದ್ದರೆ ಅದು ಉಳಿಯಲೇಬೇಕು. 'ಟ್ಯಾಂಕ್ ಖಾಲಿ ಇರುವಾಗ ಹೀಟರ್ ಸ್ವಿಚ್ ಹಾಕಬೇಡಿ' ಅನ್ನುವಂಥ ಸಾಲನ್ನು ಚೆಂದ ಮಾಡಲು ಹೋಗಬೇಡಿ, ಖಡಕ್ಕಾಗಿಯೇ ಇರಲಿ.

ವಾರಂಟಿಯ ಸಾಲನ್ನು ಬೇರೆಯಾಗಿ ನೋಡಬೇಕು. ಅದೇ ಬ್ರೋಷರಿನಲ್ಲಿ ಮಷೀನ್ 'ಟ್ಯಾಂಕ್ ಮತ್ತು ವಿದ್ಯುತ್ ಭಾಗಗಳ ಮೇಲೆ 5 ವರ್ಷಗಳು ಮತ್ತು 1 ವರ್ಷದ ಖಾತರಿ' ಎಂದು ಕೊಟ್ಟಿತ್ತು. ಯಾವುದಕ್ಕೆ ಎಷ್ಟು? ಓದಿದವರು ಎಲ್ಲಕ್ಕೂ ಐದು ವರ್ಷ ಎಂದುಕೊಂಡರೆ ಅವರ ತಪ್ಪಲ್ಲ. 'ಟ್ಯಾಂಕ್‌ಗೆ 5 ವರ್ಷ ವಾರಂಟಿ. ಹೀಟರ್ ಕಾಯಿಲ್, ಥರ್ಮೋಸ್ಟಾಟ್‌ಗೆ 1 ವರ್ಷ' ಎಂದು ಎರಡು ವಾಕ್ಯ ಮಾಡಿದೆವು. 'ಖಾತರಿ' ಬೇಡ. ನಮ್ಮ ಜನ ಗ್ಯಾರಂಟಿ ಎಂದರೆ ಹೊಸದು ಕೊಡುತ್ತಾರೆ, ವಾರಂಟಿ ಎಂದರೆ ರಿಪೇರಿ ಮಾಡಿಕೊಡುತ್ತಾರೆ ಎಂದು ತಿಳಿಯುತ್ತಾರೆ. 'ಖಾತರಿ' ಎರಡನ್ನೂ ಕಲಸಿಬಿಡುತ್ತದೆ.

ಧಾಟಿ ಎಷ್ಟು ಆಡುಮಾತಿಗೆ ಹತ್ತಿರ ಇರಬೇಕು ಅನ್ನುವ ಅನುಮಾನ ನಿಮಗೂ ಬರುತ್ತದೆ. ಅಚ್ಚಿಗೆ ಹೋಗುವಾಗ 'ಮಾಡ್ತೀವಿ' ಬೇಡ, 'ಮಾಡುತ್ತೇವೆ' ಇರಲಿ. ಪದಗಳು ಮಾತ್ರ ಮನೆಯವೇ ಆಗಿರಲಿ. ಮಷೀನ್ ಕೆಲವು ಕಡೆ 'ಉಳಿಸಿ' ಎಂದೂ ಕೆಲವು ಕಡೆ 'ಉಳಿಸು' ಎಂದೂ ಕೊಡುತ್ತದೆ, ಏಕವಚನ ಒಂದೂ ಉಳಿಯದ ಹಾಗೆ ನೋಡಿಕೊಳ್ಳಿ. ನಿಮ್ಮ ಕಡೆ 'ತಾರಸಿ' ಎಂದರೆ ಎಲ್ಲರಿಗೂ ಗೊತ್ತು. ಇದೇ ಬ್ರೋಷರ್ ಧಾರವಾಡ, ಕಲಬುರಗಿ ಕಡೆ ಹೋಗುವುದಿದ್ದರೆ 'ಮಾಳಿಗೆ' ಎಂದು ಬದಲಿಸಿ ಬೇರೆ ಅಚ್ಚು ಹಾಕಿಸಿ. ಬೋರ್ ನೀರಿನ ಬಗ್ಗೆ ಮಷೀನ್ 'ಕಠಿಣ ನೀರು' ಎಂದು ಕೊಟ್ಟಿದ್ದರೆ 'ಗಡಸು ನೀರು' ಎನ್ನಿ. ಪಕ್ಕದಲ್ಲೇ 'ಪಾತ್ರೆಗೆ ಬಿಳಿ ಕಟ್ಟುವ ನೀರು' ಎಂದು ಸೇರಿಸಿದರೆ ತಮ್ಮ ಮನೆಯ ನೀರು ಅದೇ ಎಂದು ಓದಿದವರಿಗೆ ತಕ್ಷಣ ತಿಳಿಯುತ್ತದೆ.

ತಿದ್ದಿದ್ದು ಸರಿಹೋಗಿದೆಯೋ ಇಲ್ಲವೋ ನೋಡಲು ಇಂಗ್ಲಿಷ್ ಬ್ರೋಷರ್ ನೋಡದ ಒಬ್ಬರಿಂದ ಗಟ್ಟಿಯಾಗಿ ಓದಿಸಿ. ನಿಮ್ಮ ತಾಯಿಯವರೋ ಪಕ್ಕದ ಅಂಗಡಿಯವರೋ ಆದೀತು. ಅವರು ಎಲ್ಲಿ ತಡವರಿಸಿ ಹಿಂದಕ್ಕೆ ಹೋಗಿ ಓದುತ್ತಾರೋ ಅಲ್ಲಿ ವಾಕ್ಯ ಒಡೆಯಬೇಕು. ಓದಿ ಮುಗಿದ ಮೇಲೆ 'ಅರ್ಥವಾಯಿತೇ' ಎಂದು ಕೇಳಬೇಡಿ, ಎಲ್ಲರೂ ಹೂಂ ಅನ್ನುತ್ತಾರೆ. 'ಕಾಯಿಲ್ ಎರಡನೇ ವರ್ಷದಲ್ಲಿ ಹೋದರೆ ದುಡ್ಡು ಯಾರು ಕೊಡಬೇಕು?' ಎಂದು ಕೇಳಿ.

ಕೊನೆಯಲ್ಲಿ ಡಿಟಿಪಿಯವರ ಹತ್ತಿರ ಹೋದಾಗ ಹುಷಾರು. ನೀವು ಯೂನಿಕೋಡಿನಲ್ಲಿ ತಿದ್ದಿದ್ದನ್ನು ಅವರು ಹಳೆಯ ನುಡಿ ಫಾಂಟಿಗೆ ಬದಲಿಸುವಾಗ ಒತ್ತಕ್ಷರ, ಅರ್ಕಾವತ್ತು ಅಲ್ಲಲ್ಲಿ ಕೆಡುತ್ತವೆ. 'ಟ್ಯಾಂಕ್‌ಗೆ' ಅನ್ನುವುದು 'ಟ್ಯಾಂಕ್ಗೆ' ಆಗಿಬಿಡುತ್ತದೆ. ಸ್ಕ್ರೀನ್ ಮೇಲೆ ನೋಡಿ ಒಪ್ಪಬೇಡಿ. ಒಂದು ಪ್ರಿಂಟ್ ತೆಗೆಸಿ, ವಾರಂಟಿಯ ಸಾಲು ಮತ್ತು ಫೋನ್ ನಂಬರನ್ನು ಅಕ್ಷರ ಅಕ್ಷರ ನೋಡಿದ ಮೇಲೆಯೇ ಅಚ್ಚಿಗೆ ಕೊಡಿ.